ಹೋದ ವಾಯ್ಸ್ ನೋಟ್‌ಗೆ ದುಡ್ಡು ಕೊಡುವ ಮುಂಚೆ

ನಮ್ಮ ತಾಂಡವಪುರದ ಕಡೆ ಬಾಳೆಗೊನೆಯ ರೇಟು, ಗದ್ದೆಯ ಗುತ್ತಿಗೆ, ಫ್ಯಾಕ್ಟರಿ ಶಿಫ್ಟು ಎಲ್ಲವೂ ಈಗ ವಾಯ್ಸ್ ನೋಟ್‌ನಲ್ಲೇ ತೀರ್ಮಾನ. ಕಾಗದ ಇಲ್ಲ, ಸಹಿ ಇಲ್ಲ. ಹಾಗಿರುವಾಗ 'ಸ್ಟೋರೇಜ್ ಫುಲ್' ಎಂದು ಒಂದು ಬಟನ್ ಒತ್ತಿದರೆ ಮಾತಿನ ಸಾಕ್ಷಿಯೇ ಹೋಗುತ್ತದೆ. ಆಮೇಲೆ ಅಂಗಡಿಯಲ್ಲಿ 'ರಿಕವರಿ' ಎಂದು ನೂರಾರು ರೂಪಾಯಿ ಕೊಡುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಾರ್ಚ್ 10, 2025ರಂದು ವ್ಯಾಪಾರಿ ಗೊನೆಗೆ ಇಷ್ಟು ಕೊಡುತ್ತೇನೆ ಎಂದು ಹೇಳಿದ್ದಾರೆ. ಅದು ಫೋನಿನಲ್ಲಿ ಹೀಗೆ ಕೂತಿರುತ್ತದೆ:

```
WhatsApp Voice Notes/202511/PTT-20250310-WA0007.opus
```

202511 ಎಂದರೆ ಆ ವರ್ಷದ ಹನ್ನೊಂದನೇ ವಾರ. ತಾರೀಖು ಗೊತ್ತಿದ್ದರೆ ಹುಡುಕುವುದು ಸುಲಭ.

ಈಗ ಆ ಚಾಟ್ ತೆರೆಯಿರಿ. ವಾಯ್ಸ್ ನೋಟ್‌ನ ಗುರುತು ಇನ್ನೂ ಕಾಣುತ್ತಿದೆ, ಒತ್ತಿದರೆ ಮಾತ್ರ ಫೈಲ್ ಇಲ್ಲ ಎನ್ನುತ್ತದೆಯೇ? ಹಾಗಾದರೆ ಹೊರಗಿನ ಯಾವುದೋ ಕ್ಲೀನರ್ ಅಳಿಸಿದೆ. ಗೂಗಲ್‌ನ Files ಆ್ಯಪ್‌ನಿಂದ ಅಳಿಸಿದ್ದರೆ ಅದರ ಮೆನುವಿನ Trash ನೋಡಿ, ಮೂವತ್ತು ದಿನ ಅಲ್ಲೇ ಇರುತ್ತದೆ. Restore ಒತ್ತಿದರೆ ಹಳೇ ಜಾಗಕ್ಕೆ ಬಂದು ಮತ್ತೆ ಮಾತಾಡುತ್ತದೆ. ಫೋನ್ ಕಂಪನಿಯದೇ ಕ್ಲೀನರ್ ಆದರೆ ಇಂಥ ಬುಟ್ಟಿ ಇಲ್ಲದೆಯೂ ಇರಬಹುದು.

ಚಾಟ್‌ನಲ್ಲಿ ಗುರುತೇ ಇಲ್ಲದಿದ್ದರೆ ವಾಟ್ಸಾಪ್ ಒಳಗಿನ Manage storage ಅಥವಾ ಚಾಟ್ ಡಿಲೀಟ್‌ನಿಂದ ಹೋಗಿದೆ. ಅದು Trashಗೆ ಬರುವುದಿಲ್ಲ. ಉಳಿದ ದಾರಿ ಗೂಗಲ್ ಬ್ಯಾಕಪ್. ಇಲ್ಲಿ ಅವಸರ ಬೇಕು, ಏಕೆಂದರೆ ಹೊಸ ಬ್ಯಾಕಪ್ ಹಳೆಯದರ ಮೇಲೆ ಕೂರುತ್ತದೆ. ರಾತ್ರಿ ತಾನಾಗಿ ಓಡುವ ಮೊದಲೇ Settings, Chats, Chat backupಗೆ ಹೋಗಿ ಆಟೋಮ್ಯಾಟಿಕ್ ಬ್ಯಾಕಪ್ ಆಫ್ ಮಾಡಿ. ಅಲ್ಲೇ ಕೊನೆಯ ಬ್ಯಾಕಪ್ ಯಾವಾಗ ಎಂದು ಬರೆದಿರುತ್ತದೆ. ಆ ತಾರೀಖು ಮಾತು ಬಂದ ಮೇಲಿನದು, ಅಳಿಸುವ ಮುಂಚಿನದು ಆಗಿದ್ದರೆ ಮಾತ್ರ ಅದೇ ನಂಬರ್, ಅದೇ ಗೂಗಲ್ ಅಕೌಂಟ್‌ನಲ್ಲಿ ವಾಟ್ಸಾಪ್ ಮತ್ತೆ ಹಾಕಿ Restore ಕೊಡಬಹುದು. ಆದರೆ ಬ್ಯಾಕಪ್ ಆದ ಮೇಲೆ ಬಂದ ಮೆಸೇಜುಗಳು ಹೋಗುತ್ತವೆ. ಅದನ್ನು ತೂಗಿ ನೋಡಿ. ಫೋನಿನೊಳಗಿನ ಲೋಕಲ್ ಬ್ಯಾಕಪ್‌ ಫೈಲಿನಲ್ಲಿ ಬರಹ ಇರುತ್ತದೆ, ಧ್ವನಿ ಇರುವುದಿಲ್ಲ.

ಇದಕ್ಕಿಂತ ಸುಲಭದ್ದು ಇನ್ನೊಂದಿದೆ. ಕಳಿಸಿದವರ ಫೋನಿನಲ್ಲಿ ಅದರ ಪ್ರತಿ ಇರಬಹುದು, ಫಾರ್ವರ್ಡ್ ಮಾಡಿಸಿಕೊಳ್ಳಿ. ವ್ಯಾಪಾರಿ ಜತೆಗೇ ತಕರಾರಿದ್ದರೆ ಅವರೇಕೆ ಕಳಿಸುತ್ತಾರೆ ಹೇಳಿ? ಆಗ ನೀವು ಮೊದಲು ಮನೆಯವರಿಗೋ ಪಾಲುದಾರರಿಗೋ ಫಾರ್ವರ್ಡ್ ಮಾಡಿದ್ದಿರಾ ಎಂದು ನೆನಪಿಸಿಕೊಳ್ಳಿ. ಮಗನ ಲ್ಯಾಪ್‌ಟಾಪ್‌ಗೆ ನಿಮ್ಮ ವಾಟ್ಸಾಪ್ ಜೋಡಿಸಿದ್ದರೆ ಅಲ್ಲೂ ಒಮ್ಮೆ ಒತ್ತಿ ನೋಡಿ.

ಇಷ್ಟೂ ಆಗದಿದ್ದರೆ ರಿಕವರಿ ಆ್ಯಪ್‌ಗಳಿಂದ ಬರುವುದು ತೀರಾ ಅಪರೂಪ. ಈಗಿನ ಫೋನುಗಳು ಫೈಲನ್ನು ಬೀಗ ಹಾಕಿಯೇ ಇಡುತ್ತವೆ, ಅಳಿಸಿದಾಗ ಬೀಗದ ಕೈಯೂ ಹೋಗುತ್ತದೆ. ಅವು ತೋರಿಸುವುದು ಬಹುತೇಕ ಫೋಟೋಗಳ ಚಿಕ್ಕ ನೆರಳುಗಳನ್ನು. ಅದನ್ನೇ ತೋರಿಸಿ ದುಡ್ಡು ಕೇಳುವವರಿಗೆ, 'ಮೊದಲು ಮಾರ್ಚ್ 10ರ ಆ ಧ್ವನಿ ಕೇಳಿಸಿ, ಆಮೇಲೆ ದುಡ್ಡು' ಎನ್ನಿ.