ಕಮೋಡಿನ ಹಳದಿ ಕಲೆಗೆ ಆಸಿಡ್ ಬೇಡ, ನಿಂಬೆ ಉಪ್ಪು ಸಾಕು

ಕಮೋಡಿನಲ್ಲಿ ನೀರು ನಿಲ್ಲುವ ಗೆರೆಯ ಸುತ್ತ ಹಳದಿ ಬಳೆಯಂಥ ಕಲೆ ಕಂಡರೆ ನಮ್ಮ ಪಾಂಡವಪುರದ ಕಡೆ ಮೊದಲು ತರುವುದು ಆಸಿಡ್ ಬಾಟಲಿ. ಇದು ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಆ ಕಲೆ ಬರೀ ಕೊಳೆ ಅಲ್ಲ. ಗದ್ದೆಗೆ ವಿಶ್ವೇಶ್ವರಯ್ಯ ನಾಲೆ ನೀರು ಹರಿದರೂ ಎಷ್ಟೋ ಮನೆಗಳ ಟ್ಯಾಂಕಿಗೆ ಏರುವುದು ಬೋರ್‌ವೆಲ್ ನೀರು. ಆ ಗಡಸು ನೀರಿನ ಸುಣ್ಣದ ಅಂಶ ಪದರವಾಗಿ ಕೂರುತ್ತದೆ. ಅದಕ್ಕೆ ಮೂತ್ರದ ಲವಣ, ನೀರಿನ ಕಬ್ಬಿಣ ಸೇರಿ ಹಳದಿಯಾಗುತ್ತದೆ. ಸೋಪಿನ ಪುಡಿಗೆ ಇದು ಜಗ್ಗುವುದಿಲ್ಲ. ಹುಳಿಗೆ ಕರಗುತ್ತದೆ.

ಆ ಹುಳಿ ಅಡುಗೆಮನೆಯದೇ ಆಗಬಹುದು. ಒಂದು ಲೀಟರ್ ಬೆಚ್ಚಗಿನ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ. ಕುದಿಯುವ ನೀರು ಬೇಡ, ಪಿಂಗಾಣಿ ಸೀಳಬಹುದು. ಕಮೋಡಿನ ನೀರನ್ನು ಬ್ರಷ್‌ನಿಂದ ಒಳಕ್ಕೆ ತಳ್ಳಿ, ಕಲೆ ಹೊರಗೆ ಕಾಣುವಂತೆ ಮಾಡಿ. ಹಳೆ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ ಕಲೆಯ ಮೇಲೆ ಅಂಟಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಟ್ಟೆ ತೆಗೆದು ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ. ಹಳೆಯ ಪದರವಾದರೆ ಎರಡು ಮೂರು ಸಲ ಬೇಕಾಗುತ್ತದೆ. ತಂತಿ ಬ್ರಷ್, ಮರಳು ಹಾಕಿದರೆ ಮೇಲಿನ ಹೊಳಪು ಗೀಚಿಹೋಗಿ, ಮುಂದೆ ಕಲೆ ಇನ್ನೂ ಬೇಗ ಹಿಡಿಯುತ್ತದೆ. ಹೊಳಪು ಆಗಲೇ ಹೋಗಿದ್ದರೆ ಯಾವ ಹುಳಿಯೂ ಅದನ್ನು ಮರಳಿ ತರಲಾರದು.

ಕಲೆ ಗೆರೆಯಂತೆ ಹಿಂಬದಿಯಲ್ಲಿ ಇಳಿದಿದ್ದರೆ ಮೂಲ ಫ್ಲಶ್ ಟ್ಯಾಂಕಿನಲ್ಲಿದೆ. ಅಲ್ಲಿನ ರಬ್ಬರ್ ವಾಷರ್ ಮೇಲೆ ಸುಣ್ಣ ಕೂತರೆ ಬಿಗಿಯಾಗಿ ಮುಚ್ಚದೆ, ನೀರು ಸದಾ ಸಣ್ಣಗೆ ಜಾರುತ್ತಿರುತ್ತದೆ. ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು, ಅರ್ಧ ಗಂಟೆ ಫ್ಲಶ್ ಮಾಡದೆ ನೋಡಿ. ಕಮೋಡಿನಲ್ಲಿ ನೀಲಿ ಕಂಡರೆ ಸೋರುತ್ತಿದೆ ಎಂದೇ ಅರ್ಥ. ಆಗ ಟ್ಯಾಂಕ್ ತುಂಬಿದ ನೀರಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ, ನೀರು ಬರುವ ನಲ್ಲಿ ಮುಚ್ಚಿ, ಎರಡು ಮೂರು ಗಂಟೆ ಬಿಡಿ. ಮೆತ್ತಗೆ ಉಜ್ಜಿ, ಎರಡು ಸಲ ಫ್ಲಶ್ ಮಾಡಿ. ಮತ್ತೆ ನೀಲಿ ಹಾಕಿ ನೋಡಿದಾಗಲೂ ಸೋರಿದರೆ ವಾಷರ್ ಬದಲಿಸಬೇಕು. ಅದನ್ನು ಬಿಟ್ಟು ಕಮೋಡನ್ನಷ್ಟೇ ತೊಳೆದರೆ ಗೆರೆ ಮತ್ತೆ ಮೂಡುತ್ತದೆ.

ಆಸಿಡ್ ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಅದು ಟೈಲ್ಸ್ ನಡುವಿನ ಸಿಮೆಂಟನ್ನೂ ತಿನ್ನುತ್ತದೆ, ಟ್ಯಾಂಕಿನ ಕಬ್ಬಿಣದ ಬೋಲ್ಟನ್ನೂ ತಿನ್ನುತ್ತದೆ. ಹೆಚ್ಚು ಸುರಿದರೆ ಗುಂಡಿಯಲ್ಲಿ ಮಲವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೂ ಪೆಟ್ಟು. ಎಲ್ಲಕ್ಕಿಂತ ಕೆಟ್ಟದ್ದು, ಆಸಿಡ್ ಮೇಲೆ ಬ್ಲೀಚಿಂಗ್ ಪೌಡರ್ ಎರಚುವುದು. ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಪುಟ್ಟ ಶೌಚಾಲಯದಲ್ಲಿ ಅದು ಪ್ರಾಣಕ್ಕೇ ಕುತ್ತು. ನಿಂಬೆ ಉಪ್ಪಿನ ಜೊತೆಗೂ ಬ್ಲೀಚಿಂಗ್ ಬೆರೆಸಬಾರದು. ನಮ್ಮ ಮನೆಗಳಲ್ಲಿ ಬಗ್ಗಿ ಉಜ್ಜುವವರು ಹೆಚ್ಚಾಗಿ ಹೆಂಗಸರೇ. ಅವಸರದ ಆಸಿಡ್ಡಿನ ಹೊಗೆ ಹೋಗುವುದು ಅವರ ಎದೆಗೆ. ಒಂದು ರಾತ್ರಿ ಕಾಯುವುದೇ ಮೇಲು.