ಸೊನ್ನೆ ಬಡ್ಡಿಯೋ, ನಗದು ರಿಯಾಯಿತಿಯೋ?



ಹೆಸರು ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೆ ದಸರಾ, ದೀಪಾವಳಿಯ ಕಾರಿನ ಜಾಹೀರಾತುಗಳೂ ಬರುತ್ತವೆ. ರೋಣ, ನರಗುಂದ, ಗಜೇಂದ್ರಗಡ ಕಡೆಯ ನಮ್ಮವರು ಗದಗಿಗೋ ಹುಬ್ಬಳ್ಳಿಗೋ ಹೋಗಿ ಶೋರೂಮಿನಲ್ಲಿ ಕುಳಿತಾಗ ಎರಡು ಮಾತು ಕೇಳುತ್ತಾರೆ: "ಸಾಲಕ್ಕೆ ಬಡ್ಡಿ ಸೊನ್ನೆ", ಇಲ್ಲವೇ "ನಗದು ಕೊಟ್ಟರೆ ಇಷ್ಟು ರಿಯಾಯಿತಿ". ಸೊನ್ನೆ ಎಂಬ ಮಾತಿಗೆ ಮನಸ್ಸು ವಾಲುವುದು ಸಹಜ. ಆದರೆ ಸೊನ್ನೆ ಬಡ್ಡಿ ಆರಿಸಿಕೊಂಡಾಗ ಕೈತಪ್ಪುವ ರಿಯಾಯಿತಿಯೇ ಆ ಸಾಲದ ಬಡ್ಡಿ ಎಂಬುದು ನನ್ನ ಅಭಿಪ್ರಾಯ. ನಿಜವಾಗಿ ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು.

ಒಂದು ಲೆಕ್ಕ ಹಾಕೋಣ. ಕಾರಿನ ಬೆಲೆ 6 ಲಕ್ಷ ರೂಪಾಯಿ ಎಂದುಕೊಳ್ಳಿ. ನಗದಿಗೆ 40,000 ರಿಯಾಯಿತಿ, ಅಂದರೆ 5,60,000. ಸೊನ್ನೆ ಬಡ್ಡಿಯಾದರೆ ಮುಂಗಡ 1,50,000, ಉಳಿದ 4,50,000ಕ್ಕೆ ತಿಂಗಳಿಗೆ 12,500ರಂತೆ 36 ಕಂತು. ಜೊತೆಗೆ ಪ್ರೊಸೆಸಿಂಗ್ ಶುಲ್ಕ 5,000, ಅದಕ್ಕೆ ಜಿಎಸ್‌ಟಿ 900. ಹೀಗೆ ಸೊನ್ನೆ ಬಡ್ಡಿಗೆ ನೀವು ಹೆಚ್ಚಿಗೆ ಕೊಡುವುದು 45,900 ರೂಪಾಯಿ. ಇದನ್ನು ವರ್ಷದ ಬಡ್ಡಿಗೆ ತಿರುಗಿಸಿದರೆ ಸುಮಾರು ಶೇ. 7 ಆಗುತ್ತದೆ.

ಅದೇ ಸಾಲವನ್ನು 12 ಕಂತಿನಲ್ಲಿ ತೀರಿಸಬೇಕೆಂದರೆ? ಹೆಚ್ಚಿಗೆ ಹೋಗುವುದು ಅದೇ 45,900. ಆದರೆ ಪರರ ದುಡ್ಡು ನಿಮ್ಮ ಕೈಯಲ್ಲಿರುವುದು ಒಂದೇ ವರ್ಷ, ಅದೂ ತಿಂಗಳು ತಿಂಗಳಿಗೆ ಕರಗುತ್ತಾ. ಆಗ ಬಡ್ಡಿ ಶೇ. 20 ದಾಟುತ್ತದೆ. "ಬೇಗ ತೀರಿಸಿಬಿಡೋಣ" ಎನ್ನುವುದು ಬೇರೆ ಸಾಲಗಳಲ್ಲಿ ಒಳ್ಳೆಯ ಬುದ್ಧಿ. ಸೊನ್ನೆ ಬಡ್ಡಿಯಲ್ಲಿ ಅವಧಿ ಕಡಿಮೆಯಾದಷ್ಟೂ ಅದು ತುಟ್ಟಿ.

ಹಾಗಾದರೆ ಯಾವುದು ಅಗ್ಗ? ಅದು ನಿಮ್ಮ ದುಡ್ಡು ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಪೂರ್ತಿ ಹಣ ಹಾಲಿನ ಬಟವಾಡೆ ಜಮಾ ಆಗುವ ಉಳಿತಾಯ ಖಾತೆಯಲ್ಲೇ ಇದ್ದರೆ ನಗದೇ ಅಗ್ಗ. ಆ ಹಣ ಖಾತೆಯಲ್ಲಿಟ್ಟು ಶೇ. 3ರ ಬಡ್ಡಿ ಪಡೆಯುತ್ತಾ ಮೂರು ವರ್ಷ ಕಂತು ಕಟ್ಟಿದರೂ ಕೊನೆಗೆ ಎರಡು ಕಂತಿಗೂ ಹೆಚ್ಚು, ಸುಮಾರು 28,000 ರೂಪಾಯಿ, ಕೈಯಿಂದ ಹಾಕಬೇಕಾಗುತ್ತದೆ. ಶೇ. 7ರ ಠೇವಣಿಯಲ್ಲಿದ್ದರೆ ಎರಡೂ ಹೆಚ್ಚುಕಡಿಮೆ ಸಮ.

ಕೈಯಲ್ಲಿ ಮುಂಗಡದಷ್ಟೇ ಇದ್ದರೆ ಲೆಕ್ಕ ಬೇರೆ. ನೀವು ಬ್ಯಾಂಕಿನಿಂದ ಸಾಲ ತಂದು ಕಟ್ಟಿದರೂ ಶೋರೂಮಿಗೆ ಅದು ನಗದೇ. ಆದ್ದರಿಂದ ಆಗಲೂ ರಿಯಾಯಿತಿ ಕೇಳಿ. 4,10,000 ರೂಪಾಯಿಯನ್ನು ಶೇ. 9.5ರಂತೆ ಮೂರು ವರ್ಷಕ್ಕೆ ತಂದರೆ ಒಟ್ಟು ಸುಮಾರು 4,72,800 ಕಟ್ಟುತ್ತೀರಿ. ಸೊನ್ನೆ ಬಡ್ಡಿಯಲ್ಲಿ ಶುಲ್ಕ ಸೇರಿ 4,55,900. ಇಲ್ಲಿ ಸೊನ್ನೆ ಬಡ್ಡಿಯೇ ಸುಮಾರು 17,000 ಅಗ್ಗ. ಒಂದೇ ವರ್ಷದ ಸಾಲವಾದರೆ ಬ್ಯಾಂಕಿಗೆ ಕಟ್ಟುವುದು ಸುಮಾರು 4,31,400. ಆಗ ಬ್ಯಾಂಕ್ ಸಾಲವೇ 24,500ದಷ್ಟು ಅಗ್ಗ. ಬ್ಯಾಂಕಿನವರೂ ಶುಲ್ಕ ಹಾಕಿದರೆ ಅದನ್ನೂ ಕೂಡಿಸಿಕೊಳ್ಳಿ.

2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆ ಕೊಡಬೇಕೆಂಬ ನಿಯಮವಿದೆ. ಶುಲ್ಕಗಳೂ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಅದನ್ನು ಕೇಳಿ ಪಡೆಯಿರಿ. ಆದರೆ ಅದನ್ನಷ್ಟೇ ನೋಡಿ ನಂಬಬೇಡಿ. ನಿಮಗೆ ಸಿಗದೇ ಹೋದ 40,000 ಆ ಹಾಳೆಯಲ್ಲಿ ಎಲ್ಲೂ ಕಾಣುವುದಿಲ್ಲ, ಹಾಗಾಗಿ ಅಲ್ಲಿನ ದರ ಯಾವಾಗಲೂ ಕಡಿಮೆಯೇ ಇರುತ್ತದೆ.

ಆದ್ದರಿಂದ ಶೋರೂಮಿನಲ್ಲಿ "ಬಡ್ಡಿ ಎಷ್ಟು?" ಎಂದು ಮೊದಲು ಕೇಳಬೇಡಿ. "ಇವತ್ತೇ ಪೂರ್ತಿ ಹಣ ಕಟ್ಟಿದರೆ ಕೊನೆಯ ಬೆಲೆ ಎಷ್ಟು?" ಎಂದು ಕೇಳಿ, ಬರೆಸಿಕೊಳ್ಳಿ. ಆಮೇಲೆ ಸೊನ್ನೆ ಬಡ್ಡಿಯ ಮುಂಗಡ, ಕಂತು, ಶುಲ್ಕ ಎಲ್ಲವನ್ನೂ ಬರೆಸಿಕೊಳ್ಳಿ. ಎರಡರಲ್ಲೂ ವಿಮೆ ಒಂದೇ ಮೊತ್ತದ್ದಿದೆಯೇ ನೋಡಿ. ಸಾಲದ ಚೀಟಿಯಲ್ಲಿ ವಿಮೆ ತುಟ್ಟಿಯಾಗಿದ್ದರೆ ಆ ಅಂತರವೂ ಬಡ್ಡಿಯೇ. ಎರಡೂ ಚೀಟಿಯನ್ನು ಮನೆಗೆ ತಂದು ಕೂಡಿಸಿ, ಕಳೆದು ನೋಡಿ. ರಿಯಾಯಿತಿ ಕೊಡುವುದೇ ಇಲ್ಲವೆಂದು ಬರೆದುಕೊಟ್ಟು, ಶುಲ್ಕ, ವಿಮೆಯಲ್ಲೂ ಹೆಚ್ಚಿಗೆ ಹಾಕದಿದ್ದರೆ ಮಾತ್ರ ಆ ಸೊನ್ನೆಯನ್ನು ಸೊನ್ನೆ ಎನ್ನಬಹುದು.