28 ಸಾವಿರ ಸಂಬಳವಲ್ಲ, ವಹಿವಾಟು

ಪುಣೆಯ ನಮ್ಮ ಆಫೀಸಿನ ಊಟದ ಮೇಜಿನಲ್ಲಿ ಪದೇ ಪದೇ ಕೇಳುವ ಮಾತಿದು: “ಡೆಲಿವರಿ ಹುಡುಗರು ತಿಂಗಳಿಗೆ 28 ಸಾವಿರ ದುಡೀತಾರೆ. ಗೋದಾಮಿನ 18 ಸಾವಿರದ ನೌಕರಿ ಯಾರಿಗೆ ಬೇಕು?” ಪಿಎಫ್, ವಿಮೆ, ರಜೆ ಎಲ್ಲವನ್ನೂ ಕಟ್ಟಿಟ್ಟುಕೊಂಡ ನಾವು ಹೀಗೆ ಮಾತಾಡುವುದನ್ನು ನಿಲ್ಲಿಸಬೇಕು. ಈ ಲೆಕ್ಕವೇ ತಪ್ಪು.

ಒಂದು ಅಂದಾಜು ಹಾಕೋಣ. ದಿನಕ್ಕೆ 12 ಗಂಟೆ, 120 ಕಿಲೋಮೀಟರ್, ತಿಂಗಳಿಗೆ 26 ದಿನ. ಲೀಟರಿಗೆ 45 ಕಿಲೋಮೀಟರ್ ಓಡುವ ಬೈಕಿಗೆ ಪೆಟ್ರೋಲೇ ಸುಮಾರು 7,200 ರೂಪಾಯಿ. ಸರ್ವೀಸು, ಟೈರು, ಬೈಕಿನ ವಿಮೆ, ಸವಕಳಿ, ಮೊಬೈಲ್ ಡೇಟಾ ಸೇರಿ 2,800. ಉಳಿದದ್ದು 18 ಸಾವಿರ. ಗಂಟೆಗೆ 58 ರೂಪಾಯಿ.

ಈಗ ಗೋದಾಮು. 18 ಸಾವಿರದಲ್ಲಿ ಮೂಲವೇತನ 15 ಸಾವಿರ ಎಂದಿಟ್ಟುಕೊಳ್ಳಿ. ಪಿಎಫ್ 1,800, ಇಎಸ್‌ಐ 135, ವೃತ್ತಿ ತೆರಿಗೆ 200 ಕಳೆದು ಕೈಗೆ ಬರುವುದು 15,865. ಆದರೆ ಕಡಿತವಾದ ಪಿಎಫ್ ಅವನದೇ ಹಣ. ಮಾಲೀಕ ಅಷ್ಟೇ ಮೊತ್ತವನ್ನು ಪಿಎಫ್ ಮತ್ತು ಪಿಂಚಣಿಗೆ ಹಾಕುತ್ತಾನೆ. ಒಟ್ಟು ಸುಮಾರು 19,500. ಎಂಟು ಗಂಟೆಯ ದಿನಕ್ಕೆ ಲೆಕ್ಕ ಹಾಕಿದರೆ ಗಂಟೆಗೆ 94.

ಇನ್ನು ಕಾಲು ಮುರಿದ ತಿಂಗಳನ್ನು ನೋಡಿ. ಕೆಲಸದಲ್ಲಿ ಗಾಯವಾದರೆ ಇಎಸ್‌ಐ ಚಿಕಿತ್ಸೆ ಕೊಡುತ್ತದೆ, ಕೂಲಿಯ ಶೇ. 90ರಷ್ಟನ್ನೂ ಕೊಡುತ್ತದೆ. ಡೆಲಿವರಿ ಹುಡುಗನಿಗೆ ಕಂಪನಿಯ ಅಪಘಾತ ವಿಮೆ ಇದ್ದರೂ ಅದರ ಷರತ್ತುಗಳನ್ನು ದಾಟಬೇಕು. ಆ ತಿಂಗಳ ದುಡಿಮೆ ಸೊನ್ನೆ, ಬೈಕಿನ ಇಎಂಐ ಮಾತ್ರ ನಿಲ್ಲುವುದಿಲ್ಲ.

ಬೆಳವಣಿಗೆ? ಗೋದಾಮಿನ ಹುಡುಗ ಮೂರು ವರ್ಷದಲ್ಲಿ ಸೂಪರ್‌ವೈಸರ್ ಆಗದಿದ್ದರೂ ಅನುಭವದ ಪತ್ರ ಹಿಡಿದು ಬೇರೆಡೆ ಹೋಗಬಹುದು. ಆ್ಯಪ್‌ನಲ್ಲಿ ಗಳಿಸಿದ ರೇಟಿಂಗ್ ಇನ್ನೊಂದು ಆ್ಯಪ್‌ಗೂ ಹೋಗುವುದಿಲ್ಲ.

ಹಾಗಂತ ನೌಕರಿ ಎಂದದ್ದೆಲ್ಲ ನೌಕರಿಯಲ್ಲ. ಪಿಎಫ್ ಕಡಿತ ಮಾಡಿ ಕಟ್ಟದ ಗುತ್ತಿಗೆದಾರರಿದ್ದಾರೆ. ಯುಎಎನ್ ಸಂಖ್ಯೆ ಹಾಕಿ ಪಾಸ್‌ಬುಕ್ ನೋಡಿದರೆ ಬಣ್ಣ ಬಯಲು. ನಾಳೆಯೇ ಕಾಸು ಬೇಕಾದವನಿಗೆ, ಸಂಜೆ ಮೂರು ಗಂಟೆ ದುಡಿಯುವ ವಿದ್ಯಾರ್ಥಿಗೆ ಆ್ಯಪ್ ಒಳ್ಳೆಯದೇ. ಸಂಸಾರ ಕಟ್ಟುವವನಿಗೆ ಅಲ್ಲ.

“ಕಾನೂನು ಬಂತಲ್ಲ” ಎನ್ನುವವರೂ ಇದ್ದಾರೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ ಈ ಕಂಪನಿಗಳು ವಾರ್ಷಿಕ ವಹಿವಾಟಿನ ಶೇ. 1ರಿಂದ 2ನ್ನು ನಿಧಿಗೆ ಕೊಡಬೇಕು. ಆದರೆ ಅದು ದುಡಿಯುವವರಿಗೆ ಕೊಟ್ಟ ಹಣದ ಶೇ. 5ನ್ನು ಮೀರಬೇಕಾಗಿಲ್ಲ. ಕರ್ನಾಟಕದ 2025ರ ಕಾಯ್ದೆಯ ಶುಲ್ಕವೂ ಶೇ. 1ರಿಂದ 5ರ ನಡುವೆಯೇ. ಗೋದಾಮಿನ ಮಾಲೀಕ ಪಿಎಫ್‌ಗೆ ಮೂಲವೇತನದ ಶೇ. 12, ಇಎಸ್‌ಐಗೆ ಶೇ. 3.25 ಕಟ್ಟುತ್ತಾನೆ. ಈ ಅಂತರವೇ ನಮ್ಮ ಬಾಗಿಲಿಗೆ ಅಗ್ಗದಲ್ಲಿ ಬರುವ ಬಿರಿಯಾನಿಯ ರಹಸ್ಯ. ಅದನ್ನು “ಸ್ವಾತಂತ್ರ್ಯ” ಎಂದು ಕರೆಯುವ ಮುನ್ನ, ನಮ್ಮ ಪಿಎಫ್ ಬಿಟ್ಟುಕೊಟ್ಟು ಆ ಸ್ವಾತಂತ್ರ್ಯ ಪಡೆಯಲು ನಮ್ಮಲ್ಲಿ ಎಷ್ಟು ಜನ ತಯಾರಿದ್ದೇವೆ?